ಕೂತಾಗ 96, ಬ್ರಿಡ್ಜ್ ಹತ್ತಿದ್ರೆ 85: ಗಟ್ಟಿಯಾದ ಶ್ವಾಸಕೋಶದೊಳಗೆ ಏನಾಗ್ತಿದೆ

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪನಿಗೆ 67 ವರ್ಷ. ಮೂವತ್ತು ವರ್ಷ ಮುಂಬೈನಲ್ಲಿ ಉಡುಪಿ ಹೋಟೆಲ್ ಕಿಚನ್‌ನಲ್ಲಿ ಇದ್ದವರು, ಈಗ ಡೊಂಬಿವ್ಲಿಯಲ್ಲಿ ನಮ್ಮ ಜೊತೆ ಇದ್ದಾರೆ. ಸ್ಕ್ಯಾನ್ ಮಾಡಿ ಪಲ್ಮನರಿ ಫೈಬ್ರೋಸಿಸ್, ಗಾಳಿಚೀಲದ ಗೋಡೆ ದಪ್ಪ ಆಗಿದೆ, ಲಂಗ್ಸ್ ಸ್ಟಿಫ್ ಆಗಿದೆ ಅಂದ್ರು. ಕೂತಾಗ ಆಕ್ಸಿಮೀಟರ್ 96 ತೋರಿಸತ್ತೆ, ಸ್ಟೇಷನ್ ಬ್ರಿಡ್ಜ್ ಹತ್ತಿದ್ರೆ 85. ರಿಪೋರ್ಟಲ್ಲಿ ಎಫ್‌ವಿಸಿ 58 ಪರ್ಸೆಂಟ್, ರೇಶಿಯೋ 86, ಡಿಎಲ್‌ಸಿಒ 41 ಅಂತಿದೆ. ಇನ್‌ಹೇಲರ್ ಏನೂ ಕೆಲಸ ಮಾಡ್ತಿಲ್ಲ. 96 ಇದ್ದಾಗ್ಲೂ ಅಪ್ಪ ಉಸಿರು ಸಾಲ್ತಿಲ್ಲ ಅಂತಾರೆ, ಆಕ್ಸಿಜನ್ ಸರಿ ಇದ್ದ ಮೇಲೆ ದಮ್ಮು ಯಾಕೆ?

ಉತ್ತರ: ನಿಮ್ಮ ಕೊನೇ ಸಾಲನ್ನೇ ಮೊದಲು ತಗೊಳ್ತೀನಿ, ಯಾಕಂದ್ರೆ ಮನೆಯವರು ಹೆಚ್ಚು ಎಡವೋದು ಅಲ್ಲೇ. ದಮ್ಮು ಅನ್ನೋದು ಆಕ್ಸಿಮೀಟರ್‌ನ ನಂಬರ್ ಅಲ್ಲ. ನಿಮ್ಮ ತಂದೆಯವರ ಎದೆಯೊಳಗೆ ಈಗ ಎರಡು ಬೇರೆ ಬೇರೆ ತೊಂದರೆ ನಡೀತಿದೆ, ಎರಡೂ ಒಂದೇ ಗಾಯದಿಂದ ಹುಟ್ಟಿದ್ದು. ಒಂದು, ಶ್ವಾಸಕೋಶ ಹಿಗ್ಗಲ್ಲ ಅಂತ ಹಠ ಮಾಡ್ತಿದೆ, ಇನ್ನೊಂದು, ಒಳಗೆ ಬಂದ ಆಕ್ಸಿಜನ್ ರಕ್ತಕ್ಕೆ ದಾಟೋದು ತಡ ಆಗ್ತಿದೆ. ಆಕ್ಸಿಮೀಟರ್‌ಗೆ ಕಾಣೋದು ಎರಡನೇದು ಮಾತ್ರ. ಕೂತಾಗ 96 ಇದ್ರೂ ಅವರು ಒದ್ದಾಡೋದು ಹೆಚ್ಚಾಗಿ ಮೊದಲನೇದ್ರಿಂದ, ಅದನ್ನ ಬೆರಳಿಗೆ ಹಾಕೋ ಯಾವ ಮಷೀನೂ ತೋರಿಸಲ್ಲ. ಆದ್ರಿಂದ "ನಂಬರ್ ಸರಿ ಇದ್ಯಲ್ಲ, ಸುಮ್ನೆ ಟೆನ್ಶನ್ ಮಾಡ್ಕೋಬೇಡಿ" ಅಂತ ಮಾತ್ರ ಅವರಿಗೆ ಹೇಳ್ಬೇಡಿ, ಅವರು ಹೇಳ್ತಿರೋದು ನಿಜ.

ಮೊದಲು ಗೋಡೆ ಅಂದ್ರೆ ಏನು ಅಂತ ನೋಡೋಣ. ಆರೋಗ್ಯವಾಗಿರೋ ಶ್ವಾಸಕೋಶದಲ್ಲಿ ಗಾಳಿಚೀಲಗಳು ಕೋಟಿಗಟ್ಟಲೆ, ಸುಮಾರು 30 ಕೋಟಿಗೂ ಮೇಲೆ, ಒಂದೊಂದೂ ಮಿಲಿಮೀಟರ್‌ನ ಐದನೇ ಒಂದು ಭಾಗದಷ್ಟು. ಪಕ್ಕಪಕ್ಕದ ಎರಡು ಚೀಲಕ್ಕೆ ನಡುವೆ ಒಂದೇ ಗೋಡೆ, ಚಾಳ್‌ನಲ್ಲಿ ಎರಡು ಖೋಲಿಗೆ ಒಂದೇ ಗೋಡೆ ಇರತ್ತಲ್ಲ ಹಾಗೆ, ಆ ಗೋಡೆಯ ಒಳಗೇನೇ ತೀರಾ ಸಣ್ಣ ರಕ್ತನಾಳಗಳು ಹರೀತವೆ. ಗಾಳಿಗೂ ರಕ್ತಕ್ಕೂ ನಡುವೆ ಇರೋದು ಚೀಲದ ಒಳಗಿನ ಚಪ್ಪಟೆ ಕೋಶ, ಅದರ ಕೆಳಗೆ ಒಂದು ಪೊರೆ, ಆಮೇಲೆ ರಕ್ತನಾಳದ ಕೋಶ, ಅಷ್ಟೇ. ತೆಳುವಾದ ಜಾಗದಲ್ಲಿ ಮೂರೂ ಸೇರಿ ದಪ್ಪ ಅರ್ಧ ಮೈಕ್ರಾನ್ ಹತ್ರ, ಅಂದ್ರೆ ಒಂದು ಕೆಂಪು ರಕ್ತಕಣದ ಅಗಲದ ಹತ್ತನೇ ಒಂದು ಭಾಗಕ್ಕಿಂತ ಕಮ್ಮಿ. ನೀರ್ ದೋಸೆಯನ್ನ ಬೆಳಕಿಗೆ ಹಿಡಿದ್ರೆ ಆ ಕಡೆ ಕಾಣತ್ತಲ್ಲ, ಅದೂ ಇದರ ಮುಂದೆ ದಪ್ಪಾನೇ.

ಈ ಗೋಡೆಗೆ ಪದೇ ಪದೇ ಏಟು ಬಿದ್ರೆ ಗಾಯ ಆಗತ್ತೆ. ಏಟು ಅಂದ್ರೆ ವರ್ಷಗಟ್ಟಲೆ ಸೇದಿದ ಸಿಗರೇಟ್ ಇರಬಹುದು, ಕಿಟಕಿಯ ಎಸಿ ಮೇಲೆ ಕೂರೋ ಪಾರಿವಾಳದ ಹಿಕ್ಕೆ ಪುಡಿ ಇರಬಹುದು, ಸಂಧಿವಾತದ ಕಾಯಿಲೆ ಇರಬಹುದು, ಕಲ್ಲುಪುಡಿ ಇರಬಹುದು, ಕೆಲವು ಮಾತ್ರೆಗಳೂ ಇರಬಹುದು, ತುಂಬಾ ಜನರಲ್ಲಿ ಕಾರಣ ಗೊತ್ತೇ ಆಗಲ್ಲ. ಮಾಮೂಲಿಯಾಗಿ ಗಾಯ ಆದ್ರೆ ಪಕ್ಕದಲ್ಲಿರೋ ಟೈಪ್ 2 ಅನ್ನೋ ಕೋಶಗಳು ಬೆಳೆದು ಚಪ್ಪಟೆಯಾಗಿ ಜಾಗ ಮುಚ್ಚಿ ರಿಪೇರಿ ಮುಗಿಸ್ತವೆ. ಫೈಬ್ರೋಸಿಸ್‌ನಲ್ಲಿ ಆ ಕೋಶಗಳೇ ಸೋತಿರ್ತವೆ, ರಿಪೇರಿ ಮುಗೀತು ಅನ್ನೋ ಸಿಗ್ನಲ್ ಬರೋದೇ ಇಲ್ಲ. ಅದಕ್ಕೆ ಫೈಬ್ರೋಬ್ಲಾಸ್ಟ್ ಅನ್ನೋ ನಾರು ಹೊಸೆಯೋ ಕೋಶಗಳು ಗೋಡೆಯೊಳಗೆ ಬಂದು ಕೊಲಾಜೆನ್ ಹಾಕ್ತಾನೇ ಹೋಗ್ತವೆ, ಹಾಕಿದ್ದನ್ನ ಹಿಡಿದು ಎಳೀತಾ ಕೂಡ ಇರ್ತವೆ. ಗೋಡೆ ದಪ್ಪ ಆಗೋದೂ ಬಿಗಿ ಆಗೋದೂ ಒಟ್ಟೊಟ್ಟಿಗೆ.

ಬಿಗಿ ಅಂದ್ರೆ ಏನು ಅಂತ ತಿಳ್ಕೊಳ್ಳೋಕೆ ನಿಮ್ಮ ತಂದೆಯವರ ಮುಂಗೈ ನೋಡಿ. ಅಷ್ಟು ವರ್ಷ ಕಿಚನ್‌ನಲ್ಲಿ ಕಾವಲಿ, ಬಾಣಲೆ ಮುಂದೆ ನಿಂತವರ ಕೈಯಲ್ಲಿ ಎಣ್ಣೆ ಹಾರಿ ಸುಟ್ಟ ಹಳೇ ಕಲೆ ಒಂದಾದ್ರೂ ಇದ್ದೇ ಇರತ್ತೆ. ಕಲೆ ಪಕ್ಕದ ಚರ್ಮವನ್ನ ಎರಡು ಬೆರಳಲ್ಲಿ ಚಿವುಟಿ ಎತ್ತಿ, ಸಲೀಸಾಗಿ ಬರತ್ತೆ. ಕಲೆಯನ್ನೇ ಚಿವುಟಿ, ಬರಲ್ಲ, ಅಕ್ಕಪಕ್ಕದ ಚರ್ಮವನ್ನೂ ತನ್ನ ಕಡೆ ಎಳ್ಕೊಂಡಿರತ್ತೆ. ಅದೇ ಕಲೆ ಕೋಟಿಗಟ್ಟಲೆ ಗಾಳಿಚೀಲದ ಗೋಡೆಯಲ್ಲಿ ಆದ್ರೆ ಅದೇ ಪಲ್ಮನರಿ ಫೈಬ್ರೋಸಿಸ್. ಸ್ಕ್ಯಾನ್‌ನಲ್ಲಿ ಜೇನುಗೂಡಿನ ಥರ ಕಾಣೋ ಜಾಗ ಇದ್ರೆ ಅಲ್ಲಿ ಚೀಲಗಳೇ ಹಾಳಾಗಿ, ಕಲೆಯ ಗೋಡೆಗಳ ನಡುವೆ ಖಾಲಿ ತೂತು ಉಳಿದಿದೆ ಅಂತ ಅರ್ಥ.

ಈಗ ಹಿಗ್ಗೋ ಲೆಕ್ಕ. ಉಸಿರು ಎಳೆಯೋದು ಅಂದ್ರೆ ವಪೆ, ಪಕ್ಕೆಲುಬಿನ ಸ್ನಾಯು ಎಲ್ಲ ಸೇರಿ ಶ್ವಾಸಕೋಶವನ್ನ ಹೊರಗಿನಿಂದ ಎಳೆದು ಹಿಗ್ಗಿಸೋದು. ಎಷ್ಟು ಎಳೆದ್ರೆ ಎಷ್ಟು ಹಿಗ್ಗತ್ತೆ ಅನ್ನೋದನ್ನ ನಾವು ಕಂಪ್ಲೈಯನ್ಸ್ ಅಂತೀವಿ. ಆರೋಗ್ಯವಾಗಿರೋ ಶ್ವಾಸಕೋಶಕ್ಕೆ ಒಂದು ಸೆಂಟಿಮೀಟರ್ ನೀರಿನಷ್ಟು ಒತ್ತಡ ಕೊಟ್ರೆ ಸುಮಾರು 200 ಮಿಲಿ ಗಾಳಿ ಒಳಗೆ ಬರತ್ತೆ. ಎಳನೀರಿಗೆ ಸ್ಟ್ರಾ ಹಾಕಿ ಎಳೆಯೋದನ್ನ ನೆನೆಸ್ಕೊಳ್ಳಿ, ನೀರು ಸ್ಟ್ರಾದಲ್ಲಿ ಎಷ್ಟು ಸೆಂಟಿಮೀಟರ್ ಮೇಲೆ ಬಂತು ಅನ್ನೋದೇ ನೀವು ಹಾಕಿದ ಒತ್ತಡ. 500 ಮಿಲಿಯ ಒಂದು ಮಾಮೂಲಿ ಉಸಿರಿಗೆ ಎರಡೂವರೆ ಸೆಂಟಿಮೀಟರ್ ಎಳೆದ್ರೆ ಸಾಕು, ನಮಗೆ ಗೊತ್ತೇ ಆಗಲ್ಲ. ಗಟ್ಟಿಯಾದ ಶ್ವಾಸಕೋಶದಲ್ಲಿ ಆ 200 ಇದ್ದದ್ದು 50ಕ್ಕೆ ಇಳಿದಿದೆ ಅಂತ ಇಟ್ಕೊಳ್ಳಿ. ಆಗ ಅದೇ 500 ಮಿಲಿಗೆ 10 ಸೆಂಟಿಮೀಟರ್ ಎಳೀಬೇಕು. ಪ್ರತಿ ಉಸಿರಿಗೂ ನಾಲ್ಕರಷ್ಟು, ದಿನವಿಡೀ, ನಿದ್ದೆಯಲ್ಲೂ.

ದೇಹ ಇದಕ್ಕೆ ತಾನೇ ಒಂದು ದಾರಿ ಹುಡುಕ್ಕೊಳ್ಳತ್ತೆ, ದೊಡ್ಡ ಉಸಿರು ಬಿಟ್ಟು ಸಣ್ಣ ಸಣ್ಣ ಉಸಿರು ತಗೊಳ್ಳತ್ತೆ. 300 ಮಿಲಿ ಎಳೆದ್ರೆ 6 ಸೆಂಟಿಮೀಟರ್ ಸಾಕಲ್ಲ. ಆದ್ರೆ ಇಲ್ಲೊಂದು ತೆರಿಗೆ ಇದೆ. ಮೂಗಿನಿಂದ ಹಿಡಿದು ಶ್ವಾಸನಾಳದ ಕೊನೇವರೆಗೆ ಇರೋ ಪೈಪು ತುಂಬೋಕೆ ಸುಮಾರು 150 ಮಿಲಿ ಗಾಳಿ ಬೇಕು, ಆ ಗಾಳಿ ಚೀಲದವರೆಗೆ ಹೋಗೋದೇ ಇಲ್ಲ, ಉಸಿರು ದೊಡ್ಡದಿರಲಿ ಸಣ್ಣದಿರಲಿ ಪ್ರತಿ ಸಲವೂ ಅಷ್ಟು ವೇಸ್ಟು. 500 ಮಿಲಿಯ ಉಸಿರಲ್ಲಿ ಕೆಲಸಕ್ಕೆ ಬರೋದು 350, ನಿಮಿಷಕ್ಕೆ 12 ಉಸಿರಂದ್ರೆ 4.2 ಲೀಟರ್. 300 ಮಿಲಿಯ ಉಸಿರಲ್ಲಿ ಕೆಲಸಕ್ಕೆ ಬರೋದು 150 ಮಾತ್ರ, ಅದೇ 4.2 ಲೀಟರ್ ಸಿಗಬೇಕಂದ್ರೆ ನಿಮಿಷಕ್ಕೆ 28 ಸಲ ಉಸಿರಾಡ್ಬೇಕು. ಅಪ್ಪ ಸುಮ್ನೆ ಟಿವಿ ನೋಡ್ತಾ ಕೂತಾಗ ಅವರಿಗೆ ಗೊತ್ತಾಗದ ಹಾಗೆ ಒಂದು ನಿಮಿಷ ಉಸಿರು ಎಣಿಸಿ ನೋಡಿ, 24, 26 ಬಂದ್ರೆ ನನಗೇನೂ ಆಶ್ಚರ್ಯ ಇಲ್ಲ. ಆಕ್ಸಿಮೀಟರ್ ಆಗಲೂ 96 ಅಂತಾನೇ ಹೇಳ್ತಿರತ್ತೆ, ಯಾಕಂದ್ರೆ ಆ 96ಕ್ಕೆ ಅವರು ಎಷ್ಟು ದುಡೀತಿದ್ದಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ.

ಬ್ರಿಡ್ಜ್ ಹತ್ತುವಾಗ ಇದು ಇನ್ನೂ ಬಿಗಡಾಯಿಸತ್ತೆ. ನೀವು ನಾನು ಮೆಟ್ಟಿಲು ಹತ್ತಿದ್ರೆ ಮೊದಲು ಉಸಿರು ಆಳ ಆಗತ್ತೆ, ಆಮೇಲೆ ಜೋರಾಗತ್ತೆ. ಅಪ್ಪನ ಎಫ್‌ವಿಸಿ 58 ಪರ್ಸೆಂಟ್ ಅಂದ್ರೆ, ಅವರ ವಯಸ್ಸು ಎತ್ತರಕ್ಕೆ 3 ಲೀಟರ್ ಇರಬೇಕಿತ್ತು ಅಂತ ಹಿಡಿದ್ರೆ ಈಗ ಪೂರ್ತಿ ಎಳೆದು ಪೂರ್ತಿ ಬಿಟ್ರೂ 1.75 ಲೀಟರ್ ಆಸುಪಾಸು. ಆಳ ಮಾಡೋಕೆ ಜಾಗಾನೇ ಇಲ್ಲ, ಹಾಗಾಗಿ ವೇಗ ಮಾತ್ರ ಏರತ್ತೆ, 35, 40. ಮೆದುಳು "ಇನ್ನೂ ಎಳಿ, ಇನ್ನೂ ಎಳಿ" ಅಂತ ಆರ್ಡರ್ ಕೊಡ್ತಿರತ್ತೆ, ಸ್ನಾಯು ಎಳೀತಾನೂ ಇರತ್ತೆ, ಆದ್ರೆ ಎದೆ ಅಷ್ಟು ಹಿಗ್ಗಲ್ಲ, ಹಿಗ್ಗಿಲ್ಲ ಅನ್ನೋ ಸುದ್ದಿ ವಾಪಸ್ ಮೆದುಳಿಗೆ ಹೋಗತ್ತೆ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರೋ ಈ ಅಂತರವನ್ನೇ ನಮ್ಮ ಮನಸ್ಸು ದಮ್ಮು ಅಂತ ಅನುಭವಿಸೋದು. ಪೇಶಂಟ್‌ಗಳು ಇದನ್ನ ನನಗಿಂತ ಚೆನ್ನಾಗಿ ಹೇಳ್ತಾರೆ, "ಉಸಿರು ಅರ್ಧಕ್ಕೇ ನಿಲ್ಲತ್ತೆ ಡಾಕ್ಟ್ರೇ, ಕೆಳಗೆ ಇಳಿಯಲ್ಲ" ಅಂತ. ಅಸ್ತಮಾದವರು ಬೇರೆ ಥರ ಹೇಳ್ತಾರೆ, ಎದೆ ಬಿಗಿದು ಹಿಡ್ಕೊಂಡಿದೆ, ಸುಯ್ ಸುಯ್ ಅನ್ನತ್ತೆ ಅಂತ.

ಇನ್‌ಹೇಲರ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇನ್‌ಹೇಲರ್ ಔಷಧಿ ಸಣ್ಣಗಾದ ಪೈಪನ್ನ ಅಗಲ ಮಾಡತ್ತೆ. ನಿಮ್ಮಪ್ಪನ ಪೈಪು ಸಣ್ಣಗಾಗಿಲ್ಲ. ರೇಶಿಯೋ 86 ಅಂದ್ರೆ ಅವರು ಊದಿದ ಒಟ್ಟು ಗಾಳಿಯಲ್ಲಿ 86 ಪರ್ಸೆಂಟ್ ಮೊದಲ ಸೆಕೆಂಡ್‌ನಲ್ಲೇ ಆಚೆ ಬಂತು ಅಂತ, ಅಸ್ತಮಾ, ಸಿಒಪಿಡಿ ಥರ ಪೈಪು ಸಣ್ಣಗಾಗೋ ಕಾಯಿಲೆಗಳಲ್ಲಿ ಅದು ಹೆಚ್ಚಾಗಿ 70ಕ್ಕಿಂತ ಕೆಳಗೆ ಹೋಗತ್ತೆ. ಗಟ್ಟಿಯಾದ ಶ್ವಾಸಕೋಶ ಬಿಗಿ ರಬ್ಬರ್ ಥರ ಗಾಳಿಯನ್ನ ಫಟಕ್ಕನೆ ಹೊರಗೆ ತಳ್ಳತ್ತೆ, ಮೇಲಿಂದ ಸುತ್ತಲಿನ ಕಲೆ ಪೈಪುಗಳನ್ನ ಎಲ್ಲಾ ಕಡೆಗೂ ಎಳೆದು ಇನ್ನಷ್ಟು ಅಗಲ ಮಾಡಿಟ್ಟಿರತ್ತೆ. ನಾನು ಪುಣೆಯಲ್ಲಿ ನೋಡೋ ಪೇಶಂಟ್‌ಗಳಲ್ಲಿ ಒಬ್ಬರು ಒಂದು ವರ್ಷ ಎರಡೆರಡು ಇನ್‌ಹೇಲರ್ ತಗೊಂಡು ಬಂದಿದ್ರು, ಅಷ್ಟು ದಿನ ಯಾರೂ ಅವರ ಅಂಗಿ ಎತ್ತಿ ಬೆನ್ನಿನ ಕೆಳಭಾಗಕ್ಕೆ ಸ್ಟೆತ್ ಇಟ್ಟಿರಲಿಲ್ಲ. ಇಟ್ಟಿದ್ರೆ ಉಸಿರೆಳೆದ ಕೊನೆಗೆ ಚರಚರ ಅಂತ ಸದ್ದು ಕೇಳ್ತಿತ್ತು, ಬಿಪಿ ಪಟ್ಟಿಯ ವೆಲ್‌ಕ್ರೋ ನಿಧಾನವಾಗಿ ಬಿಚ್ಚಿದ ಹಾಗೆ, ಅಂಟಿಕೊಂಡಿದ್ದ ಸಣ್ಣ ದಾರಿಗಳು ಒಂದೊಂದಾಗಿ ಪಟ್ ಪಟ್ ಅಂತ ತೆರ್ಕೊಳ್ಳೋ ಸದ್ದು ಅದು. ಆ ಸದ್ದು ಎರಡೂ ಕಡೆ ಕೇಳಿದ್ರೆ ಸ್ಕ್ಯಾನ್ ಮಾಡಿಸ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ, ಎಕ್ಸ್‌ರೇ ನಾರ್ಮಲ್ ಅಂತ ಬಂದಿದ್ರೂ ಸಹ.

ಇನ್ನು ಎರಡನೇ ತೊಂದರೆ, 96 ಹೇಗೆ 85 ಆಯ್ತು ಅನ್ನೋದು. ಇದಕ್ಕೆ ನಿಮ್ಮ ಲೋಕಲ್ ಟ್ರೇನೇ ಒಳ್ಳೇ ಉದಾಹರಣೆ. ರಕ್ತಕಣ ಅನ್ನೋದು ಟ್ರೇನ್, ಆಕ್ಸಿಜನ್ ಅಂದ್ರೆ ಪ್ಲಾಟ್‌ಫಾರ್ಮ್ ಮೇಲಿನ ಜನ. ಕೂತಿರುವಾಗ ಒಂದು ರಕ್ತಕಣ ಗಾಳಿಚೀಲದ ಗೋಡೆಯಲ್ಲಿ ಇರೋದು ಸುಮಾರು ಮುಕ್ಕಾಲು ಸೆಕೆಂಡ್. ಆರೋಗ್ಯವಂತರಲ್ಲಿ ಕಾಲು ಸೆಕೆಂಡಿಗೇ ಎಲ್ಲರೂ ಹತ್ತಿ ಮುಗೀತು, ಉಳಿದ ಅರ್ಧ ಸೆಕೆಂಡ್ ಟ್ರೇನ್ ಸುಮ್ನೆ ನಿಂತಿರತ್ತೆ. ಗೋಡೆ ದಪ್ಪ ಆದ್ರೆ ಹತ್ತೋದು ನಿಧಾನ, ಆದ್ರೂ ಟ್ರೇನ್ ಮುಕ್ಕಾಲು ಸೆಕೆಂಡ್ ನಿಲ್ಲೋದ್ರಿಂದ ಕೊನೇ ಗಳಿಗೆಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹತ್ತಿಬಿಡ್ತಾರೆ, ಅದಕ್ಕೇ ಕೂತಾಗ 96. ಬ್ರಿಡ್ಜ್ ಹತ್ತುವಾಗ ಹೃದಯ ಜೋರಾಗಿ ಪಂಪ್ ಮಾಡತ್ತೆ, ಟ್ರೇನ್ ನಿಲ್ಲೋ ಟೈಮ್ ಮೂರನೇ ಒಂದು ಭಾಗಕ್ಕೆ ಇಳಿಬಹುದು. ನಮಗೆ ಅದೂ ಸಾಕು. ನಿಮ್ಮಪ್ಪನಿಗೆ ಸಾಲಲ್ಲ, ಅರ್ಧಂಬರ್ಧ ತುಂಬಿದ ಟ್ರೇನ್ ಹೊರಟುಬಿಡತ್ತೆ.

ಆದ್ರೆ ಪುಸ್ತಕದಲ್ಲಿ ಓದಿ ಗೋಡೆ ದಪ್ಪ, ಅದಕ್ಕೇ ಆಕ್ಸಿಜನ್ ಕಮ್ಮಿ ಅಂತ ಅಲ್ಲಿಗೇ ನಿಲ್ಲಿಸಿದ್ರೆ ಅದು ಅರ್ಧ ಸತ್ಯ. ಕಲೆ ಎಲ್ಲಾ ಕಡೆ ಒಂದೇ ಸಮ ಇರಲ್ಲ, ಒಂದು ಕಡೆ ಗಾಳಿ ಹೋಗಲ್ಲ ಆದ್ರೆ ರಕ್ತ ಹರೀತಿರತ್ತೆ, ಇನ್ನೊಂದು ಕಡೆ ಗಾಳಿ ಬಂದ್ರೂ ರಕ್ತನಾಳಾನೇ ಮುಚ್ಚಿಹೋಗಿರತ್ತೆ. ಜನ ಮೂರನೇ ಪ್ಲಾಟ್‌ಫಾರ್ಮ್‌ನಲ್ಲಿ, ಟ್ರೇನ್ ಐದರಲ್ಲಿ. ಕೂತಿರುವಾಗ ಆಕ್ಸಿಜನ್ ಕಮ್ಮಿ ಆಗೋಕೆ ಈ ಹೊಂದಾಣಿಕೆ ತಪ್ಪಿರೋದೇ ದೊಡ್ಡ ಕಾರಣ, ಗೋಡೆಯ ದಪ್ಪದ ಪಾಲು ಓಡಾಡುವಾಗ ಹೆಚ್ಚಾಗತ್ತೆ. ಇನ್ನೊಂದು ವಿಷ್ಯ, ರಕ್ತನಾಳಗಳು ಕಮ್ಮಿ ಆದಷ್ಟೂ ಉಳಿದಿರೋವುಗಳಲ್ಲೇ ಎಲ್ಲಾ ರಕ್ತ ನುಗ್ಗಬೇಕು, ಅಂದ್ರೆ ಅಲ್ಲಿ ಇನ್ನೂ ವೇಗ, ನಿಲ್ಲೋ ಟೈಮ್ ಇನ್ನೂ ಕಮ್ಮಿ. ಡಿಎಲ್‌ಸಿಒ 41 ಅನ್ನೋ ನಂಬರ್ ಇದನ್ನೆಲ್ಲ ಒಟ್ಟಿಗೆ ಅಳೆದದ್ದು, ಗಾಳಿಯಿಂದ ರಕ್ತಕ್ಕೆ ದಾಟೋ ಸಾಮರ್ಥ್ಯ ಇರಬೇಕಾದ್ದರಲ್ಲಿ 41 ಪರ್ಸೆಂಟ್ ಉಳಿದಿದೆ ಅಂತ. ನಿಮ್ಮ ರಿಪೋರ್ಟಲ್ಲಿ ನನಗೆ ಎಫ್‌ವಿಸಿಗಿಂತ ಹೆಚ್ಚು ಚಿಂತೆ ತರಿಸೋ ನಂಬರ್ ಅದೇ, ಬ್ರಿಡ್ಜ್ ಮೇಲಿನ 85ಕ್ಕೂ ಅದಕ್ಕೂ ನೇರ ಸಂಬಂಧ.

ಬ್ಲಡ್ ಗ್ಯಾಸ್ ಮಾಡಿಸಿದ್ರೆ ಕಾರ್ಬನ್ ಡೈಆಕ್ಸೈಡ್ ನಾರ್ಮಲ್ ಅಥವಾ ಸ್ವಲ್ಪ ಕಮ್ಮಿಯೇ ಬರಬಹುದು. ಅದು ಆಕ್ಸಿಜನ್‌ಗಿಂತ ಸುಮಾರು ಇಪ್ಪತ್ತು ಪಟ್ಟು ಸುಲಭವಾಗಿ ಗೋಡೆ ದಾಟತ್ತೆ, ಜೊತೆಗೆ ಅಷ್ಟು ಬೇಗ ಬೇಗ ಉಸಿರಾಡೋರಲ್ಲಿ ಹೊರಗೆ ಹೋಗಿಯೇ ಹೋಗತ್ತೆ. ಅದು ನಾರ್ಮಲ್ ಅಂತ ಕಾಯಿಲೆ ಸಣ್ಣದು ಅಂದ್ಕೋಬೇಡಿ. ಅದು ಏರೋಕೆ ಶುರುವಾದ್ರೆ ಮಾತ್ರ ಸ್ನಾಯುಗಳು ಸೋತವು ಅಂತ ಅರ್ಥ.

ಮನೇಲಿ ಅಳೆಯೋ ವಿಧಾನವನ್ನೂ ಸ್ವಲ್ಪ ಬದಲಾಯಿಸಿ. ಹೆಚ್ಚಿನವರು ನಡೆದು ಬಂದು, ಕೂತು, ನೀರು ಕುಡಿದು, ಆಮೇಲೆ ಬೆರಳಿಗೆ ಹಾಕ್ತಾರೆ, ಅಷ್ಟೊತ್ತಿಗೆ ನಂಬರ್ ವಾಪಸ್ ಏರಿರತ್ತೆ. ಮೆಷಿನ್ ಬೆರಳಲ್ಲಿ ಇಟ್ಕೊಂಡೇ ಸಮತಟ್ಟಾದ ಪ್ಯಾಸೇಜ್‌ನಲ್ಲಿ ಅವರ ಮಾಮೂಲಿ ನಡಿಗೆಯಲ್ಲಿ ನಡೆಸಿ, ಪಕ್ಕದಲ್ಲಿ ನೀವಿರಿ, ದಮ್ಮು ಹತ್ತಿದ್ರೆ ಅಲ್ಲೇ ನಿಲ್ಲಿಸಿ, ನಿಂತ ಮೇಲೂ ಅರ್ಧ ನಿಮಿಷ ನೋಡ್ತಾ ಇರಿ, ಎಷ್ಟೋ ಸಲ ಅತಿ ಕಮ್ಮಿ ನಂಬರ್ ನಿಂತ ಮೇಲೇ ಬರೋದು. ಬೆರಳು ಬೆಚ್ಚಗಿರಲಿ. ಅತಿ ಕಮ್ಮಿ ಎಷ್ಟು, ವಾಪಸ್ ಬರೋಕೆ ಎಷ್ಟು ಹೊತ್ತು, ಇವೆರಡನ್ನ ವಾರಕ್ಕೊಮ್ಮೆ ಬರೆದಿಟ್ರೆ ಸಾಕು. ಗಂಟೆಗೊಂದು ಸಲ ಬೆರಳು ಹಿಡ್ಕೊಂಡು ಕೂರೋದ್ರಿಂದ ಅವರ ಗಾಬರಿ ಜಾಸ್ತಿ ಆಗತ್ತೆ, ಗಾಬರಿಯಾದ್ರೆ ಉಸಿರು ಇನ್ನೂ ಸಣ್ಣದಾಗತ್ತೆ, ಸಣ್ಣ ಉಸಿರಿನ ತೆರಿಗೆ ಲೆಕ್ಕ ಮೇಲೆ ನೋಡಿದ್ರಲ್ಲ.

ಆಕ್ಸಿಜನ್ ಬಗ್ಗೆ. ನಡೆದಾಗ 88 ಅಥವಾ ಅದಕ್ಕಿಂತ ಕೆಳಗೆ ಇಳಿಯೋರಿಗೆ ಓಡಾಡುವಾಗ ಆಕ್ಸಿಜನ್ ಕೊಡೋದನ್ನ ಡಾಕ್ಟರ್ ಜೊತೆ ಮಾತಾಡ್ಲೇಬೇಕು, ಆಸ್ಪತ್ರೆಯಲ್ಲಿ ಆರು ನಿಮಿಷದ ನಡಿಗೆ ಟೆಸ್ಟ್ ಮಾಡಿ ಎಷ್ಟು ಲೀಟರ್ ಬೇಕು ಅಂತ ನೋಡ್ತಾರೆ. ಪ್ಲಾಟ್‌ಫಾರ್ಮ್‌ನಲ್ಲಿ ಜನರ ನೂಕು ಜಾಸ್ತಿ ಮಾಡಿದ ಹಾಗೆ ಅದು, ಇರೋ ಅಷ್ಟು ಟೈಮಲ್ಲೇ ಹೆಚ್ಚು ಜನ ಹತ್ತುತ್ತಾರೆ, 85 ಇದ್ದದ್ದು 92 ಆಗಬಹುದು, ಇನ್ನೂ ಸ್ವಲ್ಪ ದೂರ ನಡೀಬಹುದು. ಆದ್ರೆ ಎದೆಯ ಬಿಗಿತವನ್ನ ಆಕ್ಸಿಜನ್ ಸಡಿಲ ಮಾಡಲ್ಲ. ಸಿಲಿಂಡರ್ ಬಂದ ಮೇಲೂ ಅಪ್ಪ ಉಸಿರು ಸಾಲಲ್ಲ ಅಂದ್ರೆ ಮೆಷಿನ್ ಕೆಟ್ಟಿದೆ ಅಂತ ಅಲ್ಲ, ಅಪ್ಪ ನಾಟಕ ಮಾಡ್ತಿದ್ದಾರೆ ಅಂತಾನೂ ಅಲ್ಲ. ಆ ಬಿಗಿತದ ದಮ್ಮಿಗೆ ಬೇರೆ ಉಪಾಯ ಬೇಕು: ಮೆಟ್ಟಿಲು ನಾಲ್ಕು ಹತ್ತಿ ನಿಲ್ಲೋದು, ಫಿಸಿಯೋಥೆರಪಿಯವರ ಹತ್ರ ಪಲ್ಮನರಿ ರಿಹ್ಯಾಬ್ ಮಾಡಿಸೋದು, ಮುಖಕ್ಕೆ ನೇರವಾಗಿ ಸಣ್ಣ ಫ್ಯಾನ್ ಗಾಳಿ ಹಿಡಿಯೋದು. ಫ್ಯಾನ್ ಅಂದ್ರೆ ಜನ ನಂಬಲ್ಲ, ಆದ್ರೆ ಮುಖದ ಮೇಲೆ ತಂಪು ಗಾಳಿ ಬಿದ್ರೆ ದಮ್ಮಿನ ಅನುಭವ ಕಮ್ಮಿ ಆಗತ್ತೆ, ನನ್ನ ಓಪಿಡಿಯಲ್ಲಿ ದಿನಾ ನೋಡ್ತೀನಿ.

ಆಗಿರೋ ಕಲೆ ಕರಗಿಸೋ ಔಷಧಿ ಇವತ್ತಿಗೆ ಇಲ್ಲ. ಪಿರ್ಫೆನಿಡೋನ್, ನಿಂಟೆಡಾನಿಬ್ ಅನ್ನೋ ಎರಡು ಮಾತ್ರೆ ಇವೆ, 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ನಮ್ಮಲ್ಲೂ ಸಿಗ್ತವೆ. ಎಫ್‌ವಿಸಿ ವರ್ಷ ವರ್ಷ ಇಳಿಯೋ ವೇಗವನ್ನ ಇವು ಹೆಚ್ಚುಕಮ್ಮಿ ಅರ್ಧ ಮಾಡ್ತವೆ. ಇಳಿಯೋದು ನಿಧಾನ ಆಗತ್ತೆ ಅಷ್ಟೇ, ತಗೊಂಡ ಮರುದಿನ ಉಸಿರು ಹಗುರ ಆಗಲ್ಲ, ಇದು ಗೊತ್ತಿಲ್ದೆ ಎಷ್ಟೋ ಜನ ಎರಡು ತಿಂಗಳಿಗೆ "ಏನೂ ಫರಕ್ ಇಲ್ಲ" ಅಂತ ಬಿಟ್ಟುಬಿಡ್ತಾರೆ. ಪಿರ್ಫೆನಿಡೋನ್‌ನಲ್ಲಿ ಬಿಸಿಲಿಗೆ ಚರ್ಮ ಸುಡಬಹುದು, ವಾಕರಿಕೆ ಬರಬಹುದು, ನಿಂಟೆಡಾನಿಬ್‌ನಲ್ಲಿ ಭೇದಿ ಆಗಬಹುದು, ಎರಡಕ್ಕೂ ಲಿವರ್ ಟೆಸ್ಟ್ ಆಗಾಗ ಬೇಕು.

ಈ ಉತ್ತರದಲ್ಲಿ ನಾನು ಕೇಳಲೇಬೇಕಾದ ಒಂದು ಪ್ರಶ್ನೆ ಉಳಿದಿದೆ, ನಿಮ್ಮ ಮನೆ ಕಿಟಕಿ, ಬಾಲ್ಕನಿ, ಎಸಿ ಹತ್ರ ಪಾರಿವಾಳ ಗೂಡು ಮಾಡಿದ್ಯಾ? ಅಪ್ಪ ಬೆಳಗ್ಗೆ ಕಾಳು ಹಾಕೋ ಅಭ್ಯಾಸ ಇದ್ಯಾ? ಪಾರಿವಾಳದಿಂದ ಬರೋ ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್ ಅನ್ನೋ ಶ್ವಾಸಕೋಶದ ಅಲರ್ಜಿ ಥರದ ಉರಿಯೂತದಲ್ಲೂ ಕೊನೆಗೆ ಇದೇ ಕಲೆ ಆಗತ್ತೆ, ಆದ್ರೆ ಅಲ್ಲಿ ಏಟು ನಿಲ್ಲಿಸೋದು ನಮ್ಮ ಕೈಯಲ್ಲಿದೆ, ಔಷಧಿಯ ದಾರಿಯೂ ಬೇರೆ ಆಗಬಹುದು. ಹೌದು ಅಂತಾದ್ರೆ ಮುಂದಿನ ವಿಸಿಟ್‌ವರೆಗೆ ಕಾಯಬೇಡಿ, ಫೋನ್ ಮಾಡಿ ಡಾಕ್ಟರಿಗೆ ಹೇಳಿ, ನೆಟ್ ಹಾಕಿಸಿ, ಒಣಗಿದ ಹಿಕ್ಕೆಯನ್ನ ಗುಡಿಸದೆ ನೀರು ಹಾಕಿ ನೆನೆಸಿ ಬೇರೆಯವರ ಕೈಲಿ ಮಾಸ್ಕ್ ಹಾಕಿಸಿ ತೆಗೆಸಿ, ಆಗ ಅಪ್ಪ ಮನೇಲಿ ಇರಬಾರದು. ಇನ್ನೊಂದು, ವಾರ ಹತ್ತು ದಿನದಲ್ಲಿ ಇದ್ದಕ್ಕಿದ್ದಂತೆ ದಮ್ಮು ಜಾಸ್ತಿ ಆಗಿ, ಕೂತಾಗಿನ 96 ಇದ್ದದ್ದು 90ರ ಕೆಳಗೆ ಹೋದ್ರೆ ಅದು ನಿಧಾನವಾಗಿ ಬೆಳೆಯೋ ಕಲೆ ಅಲ್ಲ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹಳೇ ಸ್ಕ್ಯಾನ್ ಸಿಡಿ ಜೊತೆಗೆ ತಗೊಂಡು ಹೋಗಿ, ಹೊಸದಕ್ಕೂ ಹಳೇದಕ್ಕೂ ಪಕ್ಕಪಕ್ಕ ಇಟ್ಟು ನೋಡೋಕೆ ಬೇಕಾಗತ್ತೆ.